ಪ್ರಾಸ್ಟೇಟ್ ಮಾತ್ರೆ ಜೊತೆ ಹೊಸ ಮಾತ್ರೆ

ಪ್ರಶ್ನೆ: ನನಗೆ 61. ಎರಡು ವಾರದಿಂದ ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತಗೋತಿದ್ದೇನೆ. ನಿಮಿರುವಿಕೆಗೆ ಹಳೇ ಸಿಲ್ಡೆನಾಫಿಲ್ ಬಿಟ್ಟು ವಾರ್ಡೆನಾಫಿಲ್ ಅಥವಾ ಅವನಾಫಿಲ್ ತಗೊಂಡರೆ ಅಪಾಯ ಇಲ್ಲ ಅಲ್ವಾ?

ಇದೇ ಯೋಚನೆಯಿಂದ ನಾನು ಡೊಂಬಿವಲಿಯ ಮನೆಯ ಬಾತ್‌ರೂಮಿನಲ್ಲಿ ಬಿದ್ದು ಹಣೆ ಒಡೆದುಕೊಂಡೆ ಸರ್.

ನನಗಾಗ 59. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಶುರುವಾಗಿ ನಾಲ್ಕೇ ದಿನ. ಹೊಸ ಮಾತ್ರೆ, ಹಳೆಯದಕ್ಕಿಂತ ಒಳ್ಳೆಯದು ಅಂತ ಗೆಳೆಯನೊಬ್ಬ ವಾರ್ಡೆನಾಫಿಲ್ 20 ಕೊಟ್ಟ. ಪೂರ್ತಿ ನುಂಗಿದೆ. ರಾತ್ರಿ ಹನ್ನೆರಡಕ್ಕೆ ಮೂತ್ರಕ್ಕೆ ಅಂತ ದಡಕ್ಕನೆ ಎದ್ದೆ. ಬಾತ್‌ರೂಮಿನ ಬಾಗಿಲು ದಾಟುವಷ್ಟರಲ್ಲಿ ಕಣ್ಣು ಕತ್ತಲೆ. ಎಚ್ಚರವಾದಾಗ ತಲೆ ಹೆಂಡತಿಯ ತೊಡೆ ಮೇಲಿತ್ತು.

ತಪ್ಪು ಮಾತ್ರೆಯದ್ದಲ್ಲ, ನನ್ನದು. ಇಂಥ ಮಾತ್ರೆ ತಗೊಳ್ಳುವ ಆಸೆ ಇದೆ ಅಂತ ಪ್ರಾಸ್ಟೇಟ್ ಡಾಕ್ಟರಿಗೆ ಹೇಳಲೇ ಇಲ್ಲ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ನಾಚಿಕೆಯಾಯಿತು. ಹೇಳಿದ್ದರೆ ಅವರು ತಡೆಯುತ್ತಿದ್ದರು. ಟ್ಯಾಮ್ಸುಲೋಸಿನ್ ಪ್ರಾಸ್ಟೇಟಿನ ಬಿಗಿ ಸಡಿಲಿಸುತ್ತದೆ, ಜೊತೆಗೆ ರಕ್ತನಾಳವನ್ನೂ ಸ್ವಲ್ಪ ಸಡಿಲಿಸುತ್ತದೆ. ಸಿಲ್ಡೆನಾಫಿಲ್, ವಾರ್ಡೆನಾಫಿಲ್, ಅವನಾಫಿಲ್ ಕೂಡ ರಕ್ತನಾಳ ಹಿಗ್ಗಿಸುವ ಮಾತ್ರೆಗಳೇ. ಎರಡೂ ಸೇರಿದರೆ ಎದ್ದು ನಿಂತಾಗ ಬಿಪಿ ಕುಸಿಯಬಹುದು. ಮೊದಲ ದಿನಗಳಲ್ಲಂತೂ ದೇಹ ಪ್ರಾಸ್ಟೇಟ್ ಮಾತ್ರೆಗೇ ಒಗ್ಗಿರುವುದಿಲ್ಲ. ನಾನು ಅದರ ಮೇಲೆ ದೊಡ್ಡ ಡೋಸ್ ಹಾಕಿದೆ.

ಆದ್ದರಿಂದ ಹೊಸದಾ ಹಳೆಯದಾ ಅನ್ನುವ ಪ್ರಶ್ನೆಯೇ ಸರಿಯಲ್ಲ. ಅವನಾಫಿಲ್ ಬೇಗ ಹಿಡಿಯುತ್ತದೆ, ಕೆಲವರಿಗೆ 15 ನಿಮಿಷಕ್ಕೇ. ಅದೊಂದು ಅನುಕೂಲ ಅಷ್ಟೇ, ಬಿಪಿಗೆ ರಕ್ಷಣೆ ಅಲ್ಲ. ಪ್ರಾಸ್ಟೇಟ್ ಮಾತ್ರೆ ಜೊತೆ ಶುರು ಮಾಡುವಾಗ ಅವನಾಫಿಲ್ 50, ವಾರ್ಡೆನಾಫಿಲ್ 5, ಸಿಲ್ಡೆನಾಫಿಲ್ 25, ಹೀಗೆ ಎಲ್ಲದಕ್ಕೂ ಸಣ್ಣ ಡೋಸೇ. ನಿಮ್ಮದು ಟ್ಯಾಮ್ಸುಲೋಸಿನ್ ಆಗಿರುವುದು ಒಳ್ಳೆಯದು. ಪ್ರಾಸ್ಟೇಟಿಗೇ ಕೊಡುವ ಟೆರಾಜೋಸಿನ್, ಡಾಕ್ಸಾಜೋಸಿನ್ ಬಿಪಿಯನ್ನು ಇನ್ನೂ ಜಾಸ್ತಿ ಇಳಿಸುತ್ತವೆ.

ಬಿದ್ದ ಮೇಲೆ ನನ್ನ ಡಾಕ್ಟರ್ ಒಂದು ತಿಂಗಳು ಟ್ಯಾಮ್ಸುಲೋಸಿನ್ ಮಾತ್ರ ಕೊಟ್ಟರು. ಆಮೇಲೆ ಮಲಗಿಸಿ ಬಿಪಿ ನೋಡಿದರು, ಮೂರು ನಿಮಿಷ ನಿಲ್ಲಿಸಿ ಮತ್ತೆ ನೋಡಿದರು. ಮೇಲಿನ ಅಂಕಿ 20 ಇಳಿದರೆ ಆಗದು ಅಂದರು. ನನ್ನದು 6 ಇಳಿಯಿತು. ಬರೆದುಕೊಟ್ಟದ್ದು ಅದೇ ಹಳೇ ಸಿಲ್ಡೆನಾಫಿಲ್, 25. ನನಗೆ ಅಷ್ಟೇ ಸಾಕಾಗಿದೆ.

ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆಯೋ ಬೇರೆ ನೈಟ್ರೇಟೋ ಇದ್ದರೆ ಇವುಗಳಲ್ಲಿ ಯಾವುದೂ ಬೇಡವೇ ಬೇಡ. ಇಲ್ಲದಿದ್ದರೆ ಈ ವಾರ ಸುಮ್ನೆ ಇರಿ. ಡಾಕ್ಟರ ಹತ್ತಿರ ಹೋಗಿ, ನಿಲ್ಲಿಸಿ ಬಿಪಿ ನೋಡಿ ಅಂತ ನೀವೇ ಕೇಳಿ. ಬೇಕಾದರೆ ಮನೆಯವರನ್ನು ಹೊರಗೆ ಕೂರಿಸಿ.