ಧಾರವಾಡ ಕಡೆಯ ಮಾತನ್ನು ಇದ್ದ ಹಾಗೆ ಬರೆಯುವುದು: ‘ಬ್ಯಾ’, ‘ಹ್ವಾ’ ಮತ್ತು ‘ಽ’

ಪ್ರಶ್ನೆ: ನಮ್ಮಜ್ಜಿ ಹೇಳೋ ಕಥೆಗಳನ್ನ ಫೋನಲ್ಲಿ ರೆಕಾರ್ಡ್ ಮಾಡಿದ್ದೀನಿ. ಧಾರವಾಡ ಕಡೆ ಮಾತು. ಬರೆಯೋಕೆ ಕೂತರೆ ‘ಬೇಡ’ ಅಂತ ಬರೀಲಾ, ‘ಬ್ಯಾಡ’ ಅಂತ ಬರೀಲಾ ಗೊತ್ತಾಗ್ತಿಲ್ಲ. ಹಳೇ ಪುಸ್ತಕಗಳಲ್ಲಿ ‘ಅವನs’ ಅಂತ ಬೇರೆ ಇರುತ್ತೆ. ಅದೇನು?

ಉತ್ತರ: ‘ಬ್ಯಾಡ’ ಅಂತಲೇ ಬರೆಯಿರಿ. ಆದರೆ ಎಲ್ಲ ‘ಏ’ಗಳನ್ನೂ ಸಾರಾಸಗಟಾಗಿ ‘ಯಾ’ ಮಾಡಬೇಡಿ. ಹೊರಗಿನವರು ಈ ಭಾಷೆ ಬರೆಯುವಾಗ ಎಡವುವುದು ಹೆಚ್ಚಾಗಿ ಅಲ್ಲೇ.

ಅಜ್ಜಿ ಬೇಡಕ್ಕೆ ‘ಬ್ಯಾಡ’, ತೋಟಕ್ಕೆ ‘ತ್ವಾಟ’, ಕೋಣಕ್ಕೆ ‘ಕ್ವಾಣ’ ಅನ್ನುತ್ತಾರೆ. ಆದರೆ ಅದೇ ಅಜ್ಜಿ ಬೇಲಿಗೆ ‘ಬೇಲಿ’ ಅಂತಲೇ ಅನ್ನುತ್ತಾರೆ, ಕೋಳಿಗೆ ‘ಕೋಳಿ’ ಅಂತಲೇ. ಮುಂದಿನ ಅಕ್ಷರದಲ್ಲಿ ‘ಅ’ ಅಥವಾ ‘ಎ’ ಇದ್ದರೆ ಬಾಯಿ ಅಗಲವಾಗಿ ತೆರೆಯುತ್ತದೆ. ‘ಇ’ ಅಥವಾ ‘ಉ’ ಇದ್ದರೆ ಹಾಗಾಗುವುದಿಲ್ಲ. ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಆ ಕಡೆ ಪದದ ಕೊನೆಯ ‘ಎ’ ಕೂಡ ‘ಇ’ ಆಗುತ್ತದೆ: ಮನೆ ‘ಮನಿ’ ಆದ ಹಾಗೆ ಬೇಳೆ ‘ಬ್ಯಾಳಿ’, ಪೇಟೆ ‘ಪ್ಯಾಟಿ’, ಕೋಟೆ ‘ಕ್ವಾಟಿ’. ಈಗ ಬೇಲಿ, ಬ್ಯಾಳಿ ಎರಡೂ ‘ಇ’ಯಲ್ಲೇ ಮುಗಿಯುತ್ತವೆ. ಒಂದಕ್ಕೆ ‘ಬೇ’, ಇನ್ನೊಂದಕ್ಕೆ ‘ಬ್ಯಾ’. ಹಾಗಾಗಿ ನಿಯಮ ಹಿಡಿದು ಬರೆಯಬೇಡಿ, ಕಿವಿ ಹಿಡಿದು ಬರೆಯಿರಿ. ಅನುಮಾನ ಬಂದರೆ ಅಜ್ಜಿಗೆ ಬೇಲಿ, ಬ್ಯಾಳಿ ಎರಡನ್ನೂ ಒಂದರ ಹಿಂದೆ ಒಂದು ಹೇಳಿಸಿ, ನಿಮಗೆ ಬೇಕಾದ ಪದ ಯಾವುದರ ಜೊತೆ ಹೋಗುತ್ತದೆ ನೋಡಿ.

ಇನ್ನೊಂದು ತೊಡಕಿದೆ. ಈ ಬಾಯಿತೆರೆದ ‘ಏ’ಗೆ ನಮ್ಮ ಲಿಪಿಯಲ್ಲಿ ಬೇರೆ ಗುರುತಿಲ್ಲ. ‘ಬ್ಯಾಂಕ್’ನಲ್ಲಿ ಮಾಡುವ ಹಾಗೆ ‘್ಯಾ’ವನ್ನೇ ಎರವಲು ಪಡೆಯುತ್ತೇವೆ. ಆದರೆ ನಿಜವಾದ ‘ಯ’ಕಾರಕ್ಕೂ ಅದೇ ಒತ್ತು. ಈ ವಾಕ್ಯ ನೋಡಿ:

ಬ್ಯಾಳಿ ತರಾಕ ಅವನಽ ಪ್ಯಾಟಿಗಿ ಹೋಗ್ಯಾನ.

ಅಂದರೆ, ಬೇಳೆ ತರಲು ಅವನೇ ಪೇಟೆಗೆ ಹೋಗಿದ್ದಾನೆ. ಇಲ್ಲಿ ‘್ಯಾ’ ಮೂರು ಸಲ ಬಂದಿದೆ. ‘ಬ್ಯಾ’, ‘ಪ್ಯಾ’ ಎರಡೂ ಹಳೆಯ ‘ಏ’. ‘ಗ್ಯಾ’ ಮಾತ್ರ ‘ಹೋಗಿ’ಯ ‘ಇ’ ಮುಂದಿನ ‘ಆ’ ಜೊತೆ ಸೇರಿ ಆದದ್ದು. ರೆಕಾರ್ಡಿಂಗ್ ನಿಧಾನ ಮಾಡಿ ಕೇಳಿ: ‘ಬ್ಯಾ’ದಲ್ಲಿ ಸ್ವರ ಮೊದಲಿಂದ ಕೊನೆಯವರೆಗೆ ಒಂದೇ ತರ ಇರುತ್ತದೆ. ‘ಗ್ಯಾ’ದಲ್ಲಿ ‘ಇ’ ಹತ್ತಿರ ಶುರುವಾಗಿ ‘ಆ’ ಕಡೆ ಜಾರುತ್ತದೆ. ಎಲ್ಲರ ಬಾಯಲ್ಲೂ ಇದು ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ, ಬೇಗ ಮಾತಾಡುವವರಲ್ಲಿ ಎರಡೂ ಒಂದಾಗಿಬಿಡಬಹುದು. ಮನೆಮಂದಿಗೆ ಓದಲು ಕಥೆ ಬರೆಯುವುದಾದರೆ ಎರಡಕ್ಕೂ ‘್ಯಾ’ ಸಾಕು, ಆ ಕಡೆಯವರು ಸರಿಯಾಗೇ ಓದಿಕೊಳ್ಳುತ್ತಾರೆ. ಅಧ್ಯಯನಕ್ಕೆ ಅಂತಾದರೆ ಕೆಳಗೆ ಇನ್ನೊಂದು ಸಾಲಿನಲ್ಲಿ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆಯಿರಿ. ಸುಮ್ನೆ ಹೊಸ ಚಿಹ್ನೆ ಹುಟ್ಟಿಸಲು ಹೋಗಬೇಡಿ. ಫಾಂಟಿನಲ್ಲಿ ಇಲ್ಲದ ಗುರುತು ಬೇರೆ ಫೋನಿನಲ್ಲಿ ಖಾಲಿ ಡಬ್ಬಿಯಾಗಿ ಕಾಣುತ್ತದೆ.

‘ಹ್ವಾದ’, ‘ತ್ವಾಟ’ಗಳಲ್ಲೂ ಇದೇ ಎಚ್ಚರ ಬೇಕು. ಕೆಲವರ ಬಾಯಲ್ಲಿ ‘ವ’ ಚೆನ್ನಾಗಿಯೇ ಕೇಳುತ್ತದೆ, ಕೆಲವರದು ಬರೀ ಬಾಯಿತೆರೆದ ‘ಓ’. ಯಾವುದೇ ಇರಲಿ, ಒಂದು ಸದ್ದಿಗೆ ಒಂದೇ ಬರಹ ಇಟ್ಟುಕೊಂಡು, ಅದನ್ನು ಮೊದಲ ಪುಟದಲ್ಲಿ ಹೇಳಿಬಿಡಿ.

ಇನ್ನು ನಿಮ್ಮ ‘ಅವನs’. ಅದು ಇಂಗ್ಲಿಷ್ ಅಕ್ಷರ ಅಲ್ಲ, ಆಗಿರಲೂಬಾರದು. ಅದು ಅವಗ್ರಹ, ಅಂದರೆ ‘ಽ’. ಧಾರವಾಡದ ಮಾತಿನಲ್ಲಿ ‘ಅವನೇ’ ಅನ್ನುವ ಒತ್ತು ಕೊನೆಯ ‘ಅ’ವನ್ನು ಎಳೆಯುವುದರಲ್ಲಿ ಬರುತ್ತದೆ. ಅದನ್ನು ತೋರಿಸಲು ಈ ಗುರುತು. ಬಿಟ್ಟುಬಿಟ್ಟರೆ ಅರ್ಥವೇ ಕೆಡುತ್ತದೆ: ‘ಅವನ ಮನಿ’ ಅಂದರೆ ಅವನ ಮನೆ, ‘ಅವನಽ ಬಂದ’ ಅಂದರೆ ಅವನೇ ಬಂದ. ‘ಅವನಾ’ ಅಂತ ದೀರ್ಘ ಹಾಕಿದರೆ ಪ್ರಶ್ನೆ ಕೇಳಿದ ಹಾಗಾಗುತ್ತದೆ. ಅವಗ್ರಹ ಸಿಗದವರು ಕೀಲಿಮಣೆಯಲ್ಲಿ ಅದೇ ಆಕಾರದ ಇಂಗ್ಲಿಷ್ ಅಕ್ಷರ ಒತ್ತಿಬಿಡುತ್ತಾರೆ. ಕಣ್ಣಿಗೆ ಒಂದೇ ತರ ಕಾಣುತ್ತದೆ, ಆದರೆ ‘ಅವನಽ’ ಅಂತ ಹುಡುಕಿದರೆ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶ ಅದನ್ನು ‘ಎಸ್’ ಅಂದುಬಿಡುತ್ತದೆ. ಯೂನಿಕೋಡಿನಲ್ಲಿ ಅವಗ್ರಹಕ್ಕೆ U+0CBD ಅನ್ನುವ ಸ್ವಂತ ಜಾಗ ಇದೆ. ಈಗಾಗಲೇ ತಪ್ಪಾಗಿ ಟೈಪ್ ಆಗಿರುವ ಫೈಲ್ ಇದ್ದರೆ ಪೈಥಾನಿನಲ್ಲಿ ಹೀಗೆ ಸರಿಮಾಡಬಹುದು:

```
import re
text = re.sub(r'(?<=[\u0C80-\u0CFF])s', '\u0CBD', text)
```

ಕನ್ನಡ ಅಕ್ಷರಕ್ಕೆ ಅಂಟಿಕೊಂಡಿರುವ s ಮಾತ್ರ ಬದಲಾಗುತ್ತದೆ, ಬಿಡಿ ಇಂಗ್ಲಿಷ್ ಪದಗಳು ಹಾಗೇ ಉಳಿಯುತ್ತವೆ.

ಕೊನೆಗೆ, ಪ್ರತಿ ಕಥೆಯ ಕೆಳಗೆ ಬರಹದ ಕನ್ನಡದಲ್ಲೂ ಒಂದು ಸಾಲು ಹಾಕಿ, ರೆಕಾರ್ಡಿಂಗಿನ ಎಷ್ಟನೇ ನಿಮಿಷ ಅಂತಲೂ ಗುರುತು ಮಾಡಿ. ‘ಬೇಳೆ’ ಅಂತ ಹುಡುಕಿದವರಿಗೂ ಅಜ್ಜಿಯ ‘ಬ್ಯಾಳಿ’ ಸಿಗುತ್ತದೆ, ನಿಮ್ಮ ಕಿವಿ ಮೇಲೆ ಅನುಮಾನ ಇರುವವರು ತಾವೇ ಕೇಳಿ ನೋಡಬಹುದು.