ಕ್ರೋಶಾ ಚೀಲದ ಬೆಲೆ: ನಿಮ್ಮ ಗಂಟೆಗೆ ಎಷ್ಟು?

“ಕ್ರೋಶಾ ಚೀಲ ಹೆಣೆಯುತ್ತೇನೆ. ದಾರದ ಖರ್ಚು ಗೊತ್ತು, ಆದರೆ ನನ್ನ ಸಮಯಕ್ಕೆ ಎಷ್ಟು ಹಾಕಬೇಕೋ ತಿಳಿಯುತ್ತಿಲ್ಲ.”

ಮೊದಲು ಒಂದು ಚೀಲಕ್ಕೆ ಹಿಡಿಯುವ ಸಮಯವನ್ನು ಪೂರ್ತಿ ಬರೆದಿಡಿ. ನಾನು ತುಂಬಾ ದಿನ ಕಡ್ಡಿ ಹಿಡಿದ ಹೊತ್ತನ್ನು ಮಾತ್ರ ಎಣಿಸುತ್ತಿದ್ದೆ, 5 ಗಂಟೆ. ದಾರದ ತುದಿಗಳನ್ನು ಸೂಜಿಯಿಂದ ಒಳಗೆ ಸೇರಿಸುವುದು, ಲೈನಿಂಗ್ ಹೊಲಿಯುವುದು, ಫೋಟೋ, ಪ್ಯಾಕಿಂಗ್ ಎಲ್ಲ ಸೇರಿಸಿದಾಗ 7 ಆಯಿತು.

ಇನ್ನು ಗಂಟೆಯ ದರ. “ನನ್ನ ಸಮಯಕ್ಕೆ ಬೆಲೆ ಎಷ್ಟು” ಅಂತ ಕೇಳಿಕೊಂಡರೆ ಉತ್ತರ ಸಿಗಲ್ಲ. ನಿಮಗೆ ಕೈ ನೋವು, ಆರ್ಡರ್ ಮುಗಿಸಬೇಕು ಅಂದುಕೊಳ್ಳಿ. ಇದೇ ಕೆಲಸ ಇಷ್ಟೇ ಚೆನ್ನಾಗಿ ಬಲ್ಲವರನ್ನು ಕರೆದರೆ ಗಂಟೆಗೆ ಎಷ್ಟು ಕೊಡುತ್ತೀರಿ? ಬೇರೆಯವರ ವಿಷಯದಲ್ಲಿ ನಮಗೆ ಸಂಕೋಚ ಕಮ್ಮಿ, ಅಲ್ವಾ? ಆ ದರವೇ ನಿಮ್ಮದೂ.

ಲೆಕ್ಕ ಸುಲಭವಾಗಲಿ ಅಂತ ದರ 100, ಸಾಮಾನು 300 ಅಂದುಕೊಳ್ಳೋಣ. 7 ಗಂಟೆಗೆ 700, ಒಟ್ಟು 1000. ಯಾರಾದರೂ 500ಕ್ಕೆ ಕೇಳಿದರೆ ಸುಮ್ನೆ ತಲೆಯಾಡಿಸಬೇಡಿ, ಹಿಂದಿನಿಂದ ಲೆಕ್ಕ ಹಾಕಿ. ಸಾಮಾನು ಕಳೆದರೆ ಉಳಿಯೋದು 200, ಅಂದರೆ ಗಂಟೆಗೆ 29 ಕೂಡ ಇಲ್ಲ. ಆ ಕೂಲಿಗೆ ಇನ್ನೊಬ್ಬರನ್ನು ಕೂರಿಸಲು ನಿಮಗೇ ಮನಸ್ಸು ಬರಲ್ಲ.

1000ಕ್ಕೆ ನಿಜವಾಗಿಯೂ ಯಾರೂ ಕೊಳ್ಳದಿದ್ದರೆ ದರ ಇಳಿಸಬೇಡಿ, ಗಂಟೆ ಇಳಿಸಿ. ದಪ್ಪ ದಾರ, ದಪ್ಪ ಕಡ್ಡಿ ಹಿಡಿದರೆ ಹೆಣಿಗೆ ದೊಡ್ಡದಾಗಿ ಸಾಲುಗಳು ಕಮ್ಮಿಯಾಗುತ್ತವೆ. ಬಣ್ಣ ಬದಲಿಸಿದಷ್ಟೂ ತುದಿಗಳು ಜಾಸ್ತಿ, ಹಾಗಾಗಿ ಒಂದೇ ಬಣ್ಣದ ಚೀಲ ಬೇಗ ಮುಗಿಯುತ್ತದೆ. ನನಗೆ 4 ಬಣ್ಣದ ಚೀಲದಲ್ಲಿ ತುದಿ ಸೇರಿಸುವುದಕ್ಕೇ ಮುಕ್ಕಾಲು ಗಂಟೆ ಹೋಗುತ್ತಿತ್ತು.

ಕಲಿಯುವಾಗ ಬಿಚ್ಚಿ ಮತ್ತೆ ಹೆಣೆದ ಹೊತ್ತನ್ನು ಮಾತ್ರ ಸೇರಿಸಬೇಡಿ. ಮೂರನೇ ಚೀಲದ ಸಮಯವನ್ನು ಹಿಡಿಯಿರಿ, ಅಷ್ಟರಲ್ಲಿ ಕೈ ಪಳಗಿರುತ್ತದೆ.