ಗುಣಲಬ್ಧದ ಅನುಕಲಕ್ಕೆ ವರ್ಗಗಳ ಮಿತಿ, ಮತ್ತು ಸಮತೆಯ ಷರತ್ತು

ಪ್ರಶ್ನೆ: (∫fg)² ≤ ∫f² · ∫g² ಅನ್ನೋದನ್ನ ಕ್ಲಾಸಲ್ಲಿ ಶೋಧಕ ಬಳಸಿ ಸಾಧಿಸಿ ತೋರಿಸಿದರು. ಕೊನೆಗೆ "f = kg ಆದಾಗ ಮಾತ್ರ ಸಮ" ಅಂತ ಒಂದು ಸಾಲು ಬರೆಸಿದರು. ಆ ಸಾಲಿನ ಅರ್ಥ ಸರಿಯಾಗಿ ಏನು? ಲೆಕ್ಕ ಮಾಡುವಾಗ ಅದು ಎಲ್ಲಿ ಉಪಯೋಗಕ್ಕೆ ಬರುತ್ತೆ?

ಉತ್ತರ:

ನಾನು ಹಾಸನದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಅಸಮತೆಯನ್ನು ಬಾಯಿಪಾಠ ಹೇಳುವವರು ಪ್ರತಿ ವರ್ಷವೂ ಸಿಗುತ್ತಾರೆ, ಆದರೆ ನೀವು ಕೇಳಿದ ಆ ಕೊನೆಯ ಸಾಲಿನ ಹತ್ತಿರ ನಿಲ್ಲುವವರು ಕಡಿಮೆ. ಅಸಮತೆಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವಾಗ ದಾರಿ ತೋರಿಸುವುದು ಆ ಸಾಲೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಶೋಧಕವನ್ನು ಸದ್ಯಕ್ಕೆ ಬದಿಗಿಡೋಣ. A = ∫f², B = ∫fg, C = ∫g² ಎಂದು ಹೆಸರಿಡಿ, ಮತ್ತು C > 0 ಎಂದುಕೊಳ್ಳಿ. f ನಿಂದ g ಯ ಒಂದು ಗುಣಕವನ್ನು, ಅಂದರೆ tg ಯನ್ನು, ಕಳೆದು ವರ್ಗ ಮಾಡಿ ಅನುಕಲಿಸಿದರೆ A − 2tB + t²C ಬರುತ್ತದೆ. ಇದು t ಯ ಯಾವ ಬೆಲೆಗೂ ಋಣವಾಗಲಾರದು, ಏಕೆಂದರೆ ಅನುಕಲದ ಒಳಗಿರುವುದು ವರ್ಗ. ಈ ಮೊತ್ತ ಅತಿ ಚಿಕ್ಕದಾಗುವುದು t = B/C ಆದಾಗ; ಅದನ್ನೇ ಹಾಕಿ, ಎರಡೂ ಕಡೆ C ಯಿಂದ ಗುಣಿಸಿದರೆ ಈ ಸಮೀಕರಣ ಸಿಗುತ್ತದೆ:

AC − B² = C · ∫(f − (B/C)g)²

ಇದು ಅಸಮತೆಯಲ್ಲ, ಸಮೀಕರಣ ಎಂಬುದನ್ನು ಗಮನಿಸಿ. ಎಡಗಡೆ ಇರುವುದು ನಮ್ಮ ಮಿತಿಗೂ ನಿಜವಾದ ಬೆಲೆಗೂ ನಡುವಿನ ಕೊರತೆ. ಬಲಗಡೆ ಇರುವುದು f ಎಂಬುದು g ಯ ಅತ್ಯುತ್ತಮ ಗುಣಕದಿಂದ ಎಷ್ಟು ದೂರ ಉಳಿಯಿತು ಎಂಬ ಅಳತೆ. ಶೋಧಕದ ಸಾಧನೆಯೂ ಇದೇ ಮಾತನ್ನು ಹೇಳುತ್ತದೆ, ಆದರೆ ಕೊರತೆ ಎಷ್ಟು ಎಂಬುದು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೊತ್ತಗಳಿಗೆ ಈ ಅಸಮತೆಯನ್ನು ಕೋಶಿ 1821ರಲ್ಲಿ ಪ್ರಕಟಿಸಿದರು. ಅನುಕಲಗಳಿಗೆ 1859ರಲ್ಲಿ ಬರೆದವರು ಬುನ್ಯಾಕೋವ್‌ಸ್ಕಿ. ಶ್ವಾರ್ಟ್ಸ್ ಅವರ ಹೆಸರು ಸೇರಿಕೊಂಡದ್ದು 1880ರ ದಶಕದ ಅವರ ಕೆಲಸದಿಂದ.

ಒಂದು ದಾರಿಯ ಲೆಕ್ಕದಲ್ಲಿ ಈ ಸಮೀಕರಣವನ್ನು ಪರೀಕ್ಷಿಸೋಣ. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಅರವತ್ತು ಕಿಲೋಮೀಟರಿಗೆ ತುಸು ಹೆಚ್ಚಾಗುತ್ತದೆ. ಲೆಕ್ಕಕ್ಕೆ 60 ಎಂದೇ ಇಟ್ಟುಕೊಂಡು, ಎರಡು ಗಂಟೆಯಲ್ಲಿ ತಲುಪಬೇಕು ಎನ್ನೋಣ. f ಎಂಬುದು ವೇಗ v, g ಎಂಬುದು 1. ಆಗ B = 60, C = 2, ಮತ್ತು B/C = 30, ಅಂದರೆ ಸರಾಸರಿ ವೇಗ. ಉದ್ದಕ್ಕೂ ಗಂಟೆಗೆ 30ರಂತೆ ಹೋದರೆ ∫v² = 1800; ಅದನ್ನು 2ರಿಂದ ಗುಣಿಸಿದರೆ 3600, ಇದು 60ರ ವರ್ಗಕ್ಕೆ ಸರಿಯಾಗಿ ಸಮ. ಮೊದಲ ಗಂಟೆ 20ರಲ್ಲಿ, ಎರಡನೆಯ ಗಂಟೆ 40ರಲ್ಲಿ ಹೋದರೆ ∫v² = 400 + 1600 = 2000, ಮತ್ತು AC = 4000. ಕೊರತೆ 400. ಬಲಗಡೆಯ ಸೂತ್ರವನ್ನು ಬೇರೆಯಾಗಿ ಲೆಕ್ಕ ಹಾಕಿ: ಪ್ರತಿ ಗಂಟೆಯೂ ವೇಗ 30ರಿಂದ 10ರಷ್ಟು ತಪ್ಪಿದೆ, ಆದ್ದರಿಂದ 2 × (100 + 100) = 400. ಎರಡೂ ತಾಳೆಯಾಗುತ್ತವೆ. ವೇಗ ಏರಿಳಿದಷ್ಟೂ ಕೊರತೆ ಬೆಳೆಯುತ್ತದೆ, ಏರಿಳಿತವೇ ಇಲ್ಲದಿದ್ದರೆ ಸಮತೆ.

ಈಗ "f = kg" ಎಂಬ ಸಾಲಿಗೆ ಬರೋಣ. ಆ ಸಾಲನ್ನು ಬರೆಸಿದ ಹಾಗೆಯೇ ನಂಬಿದರೆ ಮೂರು ಕಡೆ ಎಡವಬಹುದು.

ಮೊದಲನೆಯದು, g ಎಲ್ಲೆಡೆ ಸೊನ್ನೆಯಾಗಿದ್ದು f ಸೊನ್ನೆಯಲ್ಲದಿದ್ದರೆ ಎರಡೂ ಕಡೆ ಸೊನ್ನೆಯಾಗಿ ಸಮತೆ ಇರುತ್ತದೆ, ಆದರೆ f = kg ಆಗುವ k ಸಿಗುವುದಿಲ್ಲ. ಆದ್ದರಿಂದ ಷರತ್ತನ್ನು αf + βg = 0, α ಮತ್ತು β ಎರಡೂ ಒಟ್ಟಿಗೆ ಸೊನ್ನೆಯಲ್ಲ, ಎಂದು ಬರೆಯುವುದು ಸರಿ. ಇದು ಸಣ್ಣ ವಿಷಯ.

ಎರಡನೆಯದು ಅಷ್ಟು ಸಣ್ಣದಲ್ಲ. ಸಮತೆ ಇದ್ದರೆ ಮೇಲಿನ ಸಮೀಕರಣದಿಂದ ನಮಗೆ ಸಿಗುವುದು ∫(f − kg)² = 0 ಎಂಬುದು ಮಾತ್ರ. ಇದರಿಂದ f − kg ಪ್ರತಿ ಬಿಂದುವಿನಲ್ಲೂ ಸೊನ್ನೆ ಎಂದು ಹೇಳಬೇಕಾದರೆ f ಮತ್ತು g ಅವಿಚ್ಛಿನ್ನವಾಗಿರಬೇಕು. ಅವಿಚ್ಛಿನ್ನವಾಗಿದ್ದರೆ ಕಾರಣ ಸುಲಭ: ಒಂದು ಬಿಂದುವಿನಲ್ಲಿ f − kg ಯ ಬೆಲೆ d ಆಗಿದ್ದು ಅದು ಸೊನ್ನೆಯಲ್ಲದಿದ್ದರೆ, ಆ ಬಿಂದುವಿನ ಬಳಿ δ ಅಗಲದ ಒಂದು ತುಂಡಿನ ಮೇಲೆ ವರ್ಗದ ಬೆಲೆ d²/2 ಕ್ಕಿಂತ ಕೆಳಗಿಳಿಯುವುದಿಲ್ಲ, ಹಾಗಾಗಿ ಅನುಕಲ ಕನಿಷ್ಠ δd²/2 ಆಗಿ, ಸೊನ್ನೆಯಾಗಲು ಸಾಧ್ಯವಾಗುವುದಿಲ್ಲ. ಅವಿಚ್ಛಿನ್ನತೆ ಇಲ್ಲದಿದ್ದರೆ ಈ ವಾದ ನಿಲ್ಲುವುದಿಲ್ಲ. [0, 1] ರ ಮೇಲೆ f = 1 ಎಂದಿಟ್ಟು, g ಯನ್ನೂ 1 ಎಂದೇ ಇಟ್ಟು, x = 1/2 ರಲ್ಲಿ ಮಾತ್ರ g = 5 ಮಾಡಿ. ಒಂದು ಬಿಂದುವಿನ ಬೆಲೆ ಅನುಕಲವನ್ನು ಅಲುಗಿಸುವುದಿಲ್ಲ, ಆದ್ದರಿಂದ A, B, C ಮೂರೂ 1, ಸಮತೆ ಇದೆ; ಆದರೂ ಆ ಬಿಂದುವಿನಲ್ಲಿ f = g ಅಲ್ಲ. ಹೀಗಾಗಿ ಸಾಮಾನ್ಯ ಫಂಕ್ಷನ್‌ಗಳಿಗೆ "ಬಹುತೇಕ ಎಲ್ಲೆಡೆ" ಎಂದು ಸೇರಿಸುತ್ತಾರೆ. ತಪ್ಪಿದ ಬಿಂದುಗಳನ್ನೆಲ್ಲ ಒಟ್ಟು ಉದ್ದ ಎಷ್ಟು ಬೇಕಾದರೂ ಚಿಕ್ಕದಾಗಿರುವ ತುಂಡುಗಳಿಂದ ಮುಚ್ಚಬಹುದು ಎಂಬುದೇ ಅದರ ಅರ್ಥ.

ಮೂರನೆಯದು, k ಒಂದೇ ಆಗಿರಬೇಕು, ಇಡೀ ಅಂತರಾಳದ ಉದ್ದಕ್ಕೂ. [−1, 1] ರ ಮೇಲೆ f = x, g = |x| ತೆಗೆದುಕೊಳ್ಳಿ. ಎರಡರ ವರ್ಗವೂ x², ಆದ್ದರಿಂದ A = C = 2/3. ಆದರೆ x|x| ನ ಅನುಕಲ ಸೊನ್ನೆ, ಎಡಭಾಗದ ಋಣ ಬಲಭಾಗದ ಧನವನ್ನು ಅಳಿಸಿಹಾಕುತ್ತದೆ. ಎಡ ಅರ್ಧದಲ್ಲಿ k = −1, ಬಲ ಅರ್ಧದಲ್ಲಿ k = 1; ತುಂಡು ತುಂಡಾಗಿ ನೋಡಿದರೆ ಅನುಪಾತವಿದೆ ಎನಿಸುತ್ತದೆ, ಒಟ್ಟಾಗಿ ನೋಡಿದರೆ ಕೊರತೆ ಆದಷ್ಟೂ ದೊಡ್ಡದು.

ಇನ್ನು ಉಪಯೋಗದ ಮಾತು. ಕೊಟ್ಟ ಅನುಕಲದಲ್ಲಿ ಗುಣಲಬ್ಧ ಮೊದಲೇ ಬಿಡಿಸಿಟ್ಟು ಬಂದಿರುವುದಿಲ್ಲ. ಹೇಗೆ ಎರಡಾಗಿ ಒಡೆಯಬೇಕು ಎಂಬುದನ್ನು ನಾವೇ ನಿರ್ಧರಿಸಬೇಕು. 0 ಯಿಂದ π/2 ವರೆಗೆ √(x sin x) ನ ಅನುಕಲಕ್ಕೆ ಮೇಲ್ಮಿತಿ ಬೇಕು ಎನ್ನಿ. 1 ಮತ್ತು √(x sin x) ಎಂದು ಒಡೆದರೆ ∫1 = π/2, ∫x sin x = 1, ಹಾಗಾಗಿ ಮಿತಿ √(π/2), ಸುಮಾರು 1.2533. √x ಮತ್ತು √(sin x) ಎಂದು ಒಡೆದರೆ ∫x = π²/8, ∫sin x = 1, ಮಿತಿ π/(2√2), ಸುಮಾರು 1.1107. ನಿಜವಾದ ಬೆಲೆ ಸುಮಾರು 1.1084. ಎರಡನೆಯ ಒಡೆತ ಏಕೆ ಇಷ್ಟು ಹತ್ತಿರ ಬಂತು ಎಂಬುದಕ್ಕೆ ಸಮತೆಯ ಷರತ್ತೇ ಉತ್ತರ: √(sin x) ಅನ್ನು √x ನಿಂದ ಭಾಗಿಸಿದರೆ ಬರುವ ಅನುಪಾತ 1 ರಿಂದ ಸುಮಾರು 0.8 ರವರೆಗೆ ಮಾತ್ರ ಇಳಿಯುತ್ತದೆ, ಅಂದರೆ ಬಹುಪಾಲು ಸ್ಥಿರ. ಮೊದಲ ಒಡೆತದಲ್ಲಿ ಒಂದು ಕಡೆ ಸ್ಥಿರವಾದ 1, ಇನ್ನೊಂದು ಕಡೆ ಸೊನ್ನೆಯಿಂದ 1.25 ರವರೆಗೆ ಏರುವ ಫಂಕ್ಷನ್. ಅವು ಒಂದರ ಗುಣಕ ಇನ್ನೊಂದು ಆಗುವ ಹತ್ತಿರಕ್ಕೂ ಬರುವುದಿಲ್ಲ.

ಒಡೆತ ಕೆಟ್ಟರೆ ಮಿತಿಯೇ ಕೈಬಿಟ್ಟುಹೋಗಬಹುದು. 0 ಯಿಂದ 1 ರವರೆಗೆ 1/√x ನ ಅನುಕಲ 2. ಅದನ್ನು 1 ಮತ್ತು 1/√x ಎಂದು ಒಡೆದರೆ ವರ್ಗ 1/x ಆಗಿ, ಅದರ ಅನುಕಲ ಅನಂತವಾಗುತ್ತದೆ. ಅಸಮತೆ ಸುಳ್ಳಾಗುವುದಿಲ್ಲ, ಆದರೆ ಏನನ್ನೂ ಹೇಳುವುದಿಲ್ಲ.

ಕೊನೆಯದಾಗಿ, ನನಗೆ ಬಹಳ ಇಷ್ಟವಾದ ಒಂದು ಲೆಕ್ಕ. f(0) = 0, f(1) = 1, f ನ ಅವಕಲನ f′ ಅವಿಚ್ಛಿನ್ನ. 0 ಯಿಂದ 1 ರವರೆಗೆ ∫(1 + x) f′² ಎಷ್ಟು ಚಿಕ್ಕದಾಗಬಹುದು? x ಅನ್ನು ಕಾಲ ಎಂದೂ f′ ಅನ್ನು ವೇಗ ಎಂದೂ ನೋಡಿದರೆ ಇದು ಮತ್ತೆ ದಾರಿಯ ಲೆಕ್ಕವೇ, ಆದರೆ ಹೊತ್ತು ಕಳೆದಂತೆ ವೇಗ ದುಬಾರಿಯಾಗುತ್ತದೆ.

ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದು ತಂದಿದ್ದಳು: 1 + x ≥ 1, ಆದ್ದರಿಂದ ಅನುಕಲ ≥ ∫f′²; ಮತ್ತು ∫f′² · ∫1 ≥ (∫f′)² = 1; ಆದ್ದರಿಂದ ಕನಿಷ್ಠ ಬೆಲೆ 1. "ಎರಡು ಹೆಜ್ಜೆಯೂ ಸರಿ ಇದೆಯಲ್ಲ ಸರ್?" ಎಂದಳು. ಹೆಜ್ಜೆಗಳೆರಡೂ ಸರಿಯೇ. "ಸಮತೆ ಎಲ್ಲಿ ಬರುತ್ತದೆ, ಒಂದೊಂದೇ ಹೆಜ್ಜೆಗೆ ಬರೆದು ನೋಡಮ್ಮ" ಎಂದೆ. ಮೊದಲ ಹೆಜ್ಜೆಯಲ್ಲಿ ಸಮತೆಗೆ ∫x f′² = 0 ಆಗಬೇಕು, ಅಂದರೆ f′ ಎಲ್ಲೆಡೆ ಸೊನ್ನೆ; ಎರಡನೆಯದರಲ್ಲಿ f′ ಎಲ್ಲೆಡೆ 1. ಎರಡೂ ಒಟ್ಟಿಗೆ ನಡೆಯುವುದಿಲ್ಲ ಎಂದು ಅವಳೇ ಬರೆದಳು, ಪೆನ್ನು ಅಲ್ಲೇ ನಿಂತಿತು. 1 ಎಂಬುದು ಕೆಳಮಿತಿ ನಿಜ, ಆದರೆ ಯಾವ f ಕೂಡ ಅಲ್ಲಿಗೆ ಮುಟ್ಟುವುದಿಲ್ಲ, ಆದ್ದರಿಂದ ಅದು ಕನಿಷ್ಠ ಬೆಲೆಯಲ್ಲ.

ಸರಿಯಾದ ದಾರಿಯಲ್ಲಿ ಒಂದೇ ಹೆಜ್ಜೆ. ನಮಗೆ ಗೊತ್ತಿರುವುದು ∫f′ = 1; ಎದುರಿಗಿರುವ ವರ್ಗ √(1 + x) · f′ ನದು. ಆದ್ದರಿಂದ f′ ಅನ್ನು √(1 + x) · f′ ಮತ್ತು 1/√(1 + x) ಇವುಗಳ ಗುಣಲಬ್ಧವಾಗಿ ಬರೆಯಬೇಕು:

1 = (∫f′)² ≤ ∫(1 + x) f′² · ∫1/(1 + x) = ln 2 · ∫(1 + x) f′²

ಹೀಗಾಗಿ ಅನುಕಲ ಕನಿಷ್ಠ 1/ln 2, ಸುಮಾರು 1.4427. ಇದನ್ನು ಮುಟ್ಟುವ f ಇದೆಯೇ ಎಂದು ಕೇಳಿದರೆ ಸಮತೆಯ ಷರತ್ತೇ ಅದನ್ನು ಕೈಗಿಡುತ್ತದೆ: √(1 + x) · f′ = k/√(1 + x), ಅಂದರೆ f′ = k/(1 + x). ಅನುಕಲಿಸಿ f(0) = 0, f(1) = 1 ಹಾಕಿದರೆ k = 1/ln 2, f(x) = ln(1 + x)/ln 2. ನೇರವಾದ f(x) = x ಗೆ ಅನುಕಲ 1.5 ಬರುತ್ತದೆ, 0.0573 ರಷ್ಟು ಹೆಚ್ಚು. ಕನಿಷ್ಠ ಬೆಲೆ ಕೊಡುವ f ಗೆ ಅರ್ಧ ಕಾಲದಲ್ಲಿ, x = 1/2 ರಲ್ಲಿ, ಬೆಲೆ ಸುಮಾರು 0.585, ವೇಗ ಅಗ್ಗವಾಗಿರುವ ಮೊದಲರ್ಧದಲ್ಲೇ ಅದು ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿರುತ್ತದೆ.